ಇಪ್ಪತ್ತು ನಿಮಿಷದ ಮೌನ ಬೇರೆ, ಮೂರು ದಿನದ್ದು ಬೇರೆ

ಪ್ರಶ್ನೆ: ಜಗಳ ಆದ್ಮೇಲೆ ನನ್ನ ಗಂಡ ಎರಡು ಮೂರು ದಿನ ಮಾತೇ ಆಡಲ್ಲ. ಕೇಳಿದ್ರೆ "ನಂಗೆ ಟೈಮ್ ಬೇಕು" ಅಂತಾರೆ. ಇದು ನಿಜವಾಗಿ ಸಮಾಧಾನ ಮಾಡ್ಕೊಳ್ಳೋಕಾ, ಇಲ್ಲಾ ನನಗೆ ಶಿಕ್ಷೆ ಕೊಡೋಕಾ? ನಾನೇ ಹೋಗಿ ಮಾತಾಡಿಸಲಾ?

ನಿಮ್ಮ ಗಂಡನ ಜಾಗದಲ್ಲಿ ವರ್ಷಗಟ್ಟಲೆ ಕೂತಿದ್ದವನು ನಾನು. ಒಳಗಿನ ಸುದ್ದಿ ಹೇಳ್ತೀನಿ, ಕೇಳಿ.

ನಮ್ಮ ಮನೇಲಿ ಜಗಳ ಹತ್ತಿಕೊಳ್ತಿದ್ದದ್ದು ಹೆಚ್ಚಾಗಿ ನನ್ನ ತಮ್ಮನಿಗೆ ಕಳಿಸೋ ದುಡ್ಡಿನ ವಿಷಯಕ್ಕೆ. ಹೆಂಡತಿ ಎರಡನೇ ಮಾತು ಎತ್ತೋಷ್ಟರಲ್ಲಿ ನನ್ನ ಕಿವಿ ಬಿಸಿ, ಎದೆ ಡವಡವ. ಅವಳ ತುಟಿ ಅಲ್ಲಾಡೋದು ಕಾಣ್ತಿತ್ತು, ಏನು ಹೇಳ್ತಿದ್ದಾಳೆ ಅನ್ನೋದು ತಲೆಗೇ ಹೋಗ್ತಿರಲಿಲ್ಲ. ಚಪ್ಪಲಿ ಮೆಟ್ಟಿಕೊಂಡು ಹೊರಗೆ ಹೋಗಿಬಿಡ್ತಿದ್ದೆ.

ಅಷ್ಟರಮಟ್ಟಿಗೆ ತಪ್ಪೇನಿಲ್ಲ. ಅಮೆರಿಕದ ಮನಶ್ಶಾಸ್ತ್ರಜ್ಞ ಜಾನ್ ಗಾಟ್‌ಮನ್ ಅವರು ಗಂಡ ಹೆಂಡಿರನ್ನ ಎದುರುಬದುರು ಕೂರಿಸಿ, ಎದೆಬಡಿತ ಅಳೆಯೋ ಉಪಕರಣ ಹಾಕಿ, ಜಗಳದ ವಿಷಯವನ್ನೇ ಮಾತಾಡಿಸಿ ನೋಡಿದವರು. ಬಡಿತ ನಿಮಿಷಕ್ಕೆ 100 ದಾಟಿತು ಅಂದ್ರೆ ಎದುರಿನವರ ಮಾತು ಒಳಗೆ ಇಳಿಯೋದೇ ಕಷ್ಟ, ಮೈ ತಣ್ಣಗಾಗೋಕೆ ಕಡಿಮೆ ಅಂದ್ರೂ 20 ನಿಮಿಷ ಬೇಕು ಅನ್ನೋದು ಅವರ ಲೆಕ್ಕ. ಒಂದು ಪ್ರಯೋಗದಲ್ಲಿ "ಮೆಶಿನ್ ಸರಿಮಾಡಬೇಕು" ಅಂತ ನೆಪ ಹೇಳಿ ಜಗಳ ನಿಲ್ಲಿಸಿ, ಅರ್ಧ ಗಂಟೆ ಮ್ಯಾಗಝೀನ್ ಓದೋಕೆ ಕೊಟ್ಟರು. ಮತ್ತೆ ಮಾತಿಗೆ ಕೂತಾಗ ಎದೆಬಡಿತ ಇಳಿದಿತ್ತು, ಮಾತಿನ ಧಾಟಿಯೇ ಬೇರೆ ಆಗಿತ್ತು. ಗಮನಿಸಿ, ಓದಿದ್ದು ಮ್ಯಾಗಝೀನು. ನಾನು ಮಾಡ್ತಿದ್ದದ್ದು? ಪಾರ್ಕು ಸುತ್ತುತ್ತಾ "ಅವಳು ಹಾಗಂದ್ರೆ ನಾನು ಹೀಗನ್ನಬೇಕಿತ್ತು" ಅಂತ ವಾದ ಹೊಸೆಯೋದು. ಹೋದಾಗಿನದಕ್ಕಿಂತ ಬಿಸಿಯಾಗಿ ಮನೆಗೆ ಬರ್ತಿದ್ದೆ.

ಈಗ ನನ್ನನ್ನ ಮುಳುಗಿಸಿದ ತಪ್ಪಿಗೆ ಬರ್ತೀನಿ. ಎಷ್ಟೊತ್ತಿಗೆ ಬರ್ತೀನಿ ಅಂತ ಹೇಳದೆ ಹೋಗ್ತಿದ್ದೆ, ಬಂದ ಮೇಲೆ ಆ ವಿಷಯವನ್ನ ಮತ್ತೆ ಎತ್ತುತ್ತಲೇ ಇರಲಿಲ್ಲ. ಮಗಳ ಹತ್ರ "ಅಮ್ಮನಿಗೆ ಹೇಳು, ಬಾಗಿಲು ಹಾಕ್ಕೊಳ್ಲಿ ಅಂತ" ಅನ್ನೋದು. ಅವಳು ನಿಂತಿದ್ದದ್ದು ಎರಡು ಹೆಜ್ಜೆ ಆಚೆ! ಅದೇ ಹೊತ್ತಲ್ಲಿ ಗೆಳೆಯ ಫೋನ್ ಮಾಡಿದ್ರೆ ಹೊಟ್ಟೆ ತುಂಬ ನಗ್ತಿದ್ದೆ. ಅಂದ್ರೆ ಮೈ ಯಾವಾಗಲೋ ತಣ್ಣಗಾಗಿತ್ತು, ಮಾತು ಬಿಟ್ಟಿದ್ದದ್ದು ಹೆಂಡತಿ ಒಬ್ಬಳ ಜೊತೆ. ಕೊನೆಗೊಂದು ಬೆಳಿಗ್ಗೆ "ಹಾಲು ಬಂತಾ?" ಅಂತ ಕೇಳೋದು, ರಾಜಿ ಆಯ್ತು ಅಂದ್ಕೊಳ್ಳೋದು. ತಮ್ಮನ ದುಡ್ಡಿನ ವಿಷಯ ಮಾತ್ರ ಇದ್ದಲ್ಲೇ ಇರ್ತಿತ್ತು.

ಬರಬರುತ್ತಾ ಅವಳು ಜಗಳ ಆಡೋದನ್ನೇ ನಿಲ್ಲಿಸಿದಳು. ಮನೆ ತಣ್ಣಗಾಯ್ತು ಅಂತ ನಾನು ಖುಷಿಯಾಗಿದ್ದೆ. ಒಂದು ನಾಮಕರಣದಲ್ಲಿ ಅವಳು ಕುಂಕುಮಕ್ಕೆ ಕೈ ಚಾಚಿದಾಗ ನೋಡ್ತೀನಿ, ಚಿನ್ನದ ಬಳೆ ಇಲ್ಲ, ಬರೀ ಗಾಜಿನವು. ಅವರಮ್ಮನ ಆಪರೇಷನ್‌ಗೆ ಅಡ ಇಟ್ಟಿದ್ದಳು. "ಹೇಳಿದ್ರೆ ನೀವು ಮಾತು ಬಿಡ್ತೀರಿ, ಆಸ್ಪತ್ರೆ ಓಡಾಟದ ಮಧ್ಯೆ ಅದೊಂದು ಯಾಕೆ ಅಂತ ಹೇಳಲಿಲ್ಲ" ಅಂದಳು. ಸಿಟ್ಟೂ ಇರಲಿಲ್ಲ ದನಿಯಲ್ಲಿ. ಆಪ್ತಸಲಹೆಗೆ ಹೋಗಿದ್ದು ಅದಾದ ಮೇಲೆ.

ಹಾಗಾಗಿ ಸಮಾಧಾನಕ್ಕೋ ಶಿಕ್ಷೆಗೋ ಅನ್ನೋ ನಿಮ್ಮ ಪ್ರಶ್ನೆಯೇ ನನಗೆ ಒಪ್ಪಿಗೆ ಇಲ್ಲ. ಮೊದಲ ಅರ್ಧ ಗಂಟೆ ನನಗೆ ನಿಜವಾಗಿ ಬೇಕಿತ್ತು. ಮಾರನೇ ದಿನದ್ದು ಶಿಕ್ಷೆ. ಒಂದೇ ಮೌನ ಮಧ್ಯದಲ್ಲೆಲ್ಲೋ ಬಣ್ಣ ಬದಲಾಯಿಸ್ತು, ನನಗೇ ಗೊತ್ತಾಗಲಿಲ್ಲ. ಅವರ ಮನಸ್ಸಲ್ಲಿ ಏನಿದೆ ಅಂತ ಹುಡುಕೋಕೆ ಹೋಗಬೇಡಿ. ಬೇರೆಯವರ ಜೊತೆ ಹೇಗಿದ್ದಾರೆ, ತಾವಾಗಿ ವಾಪಸು ಬಂದು ಅದೇ ವಿಷಯ ಎತ್ತುತ್ತಾರಾ, ಇವೆರಡನ್ನ ನೋಡಿ.

ಮಾತಾಡಿಸಲಾ ಅಂದ್ರೆ, ಆ ಹೊತ್ತಲ್ಲಿ ಬೇಡ. ಬಾಗಿಲು ತಟ್ಟಿದಷ್ಟೂ ನಾನು ಒಳಗೆ ಸರೀತಿದ್ದೆ. ಜಗಳ ಇಲ್ಲದ ಒಂದು ಭಾನುವಾರ ಕಾಫಿ ಹೊತ್ತಲ್ಲಿ ಮಾತು ಮಾಡ್ಕೊಳ್ಳಿ: "ಟೈಮ್ ಬೇಕು" ಅಂದ್ರೆ ಸಾಲದು, "ಒಂಬತ್ತೂವರೆಗೆ ಕೂತು ಮಾತಾಡೋಣ" ಅನ್ನಬೇಕು. ಟೈಮ್ ಕೇಳಿದವರೇ ಮೊದಲು ಮಾತು ಶುರು ಮಾಡಬೇಕು. ರಾತ್ರಿ ಆಗದಿದ್ರೆ ಮಾರನೇ ದಿನ, ಅದಕ್ಕಿಂತ ಆಚೆಗೆ ಹೋಗಬಾರದು. ನಾನಂತೂ ಈಗ ಮಣಿಕಟ್ಟು ಹಿಡಿದು 15 ಸೆಕೆಂಡ್ ನಾಡಿ ಎಣಿಸ್ತೀನಿ. 25 ದಾಟಿದ್ರೆ ಹೊತ್ತು ಹೇಳಿ ಎದ್ದು ಹೋಗ್ತೀನಿ, ತರಕಾರಿ ತರ್ತೀನಿ. ತರಕಾರಿ ಆರಿಸುವಾಗ ವಾದ ಹೊಸೆಯೋಕೆ ಆಗಲ್ಲ ನೋಡಿ.

ಒಂದು ಮಾತು. ಮೌನದ ಜೊತೆ ಮನೆಖರ್ಚಿಗೆ ದುಡ್ಡು ನಿಲ್ಲಿಸೋದು, ತವರಿಗೆ ಫೋನ್ ಮಾಡೋಕೆ ಬಿಡದಿರೋದು, ನಿಮಗೆ ಭಯ ಆಗೋದು ಇದ್ರೆ ಮೇಲಿನದ್ಯಾವುದೂ ನಿಮಗಲ್ಲ. ಮಹಿಳಾ ಸಹಾಯವಾಣಿ 181ಕ್ಕೆ ಫೋನ್ ಮಾಡಿ.