ತುಕ್ಕು ಹಿಡಿದ ಎಲ್ಬೋ ಬಿಚ್ಚಬೇಕು, ಪೈಪ್ ಮುರಿಯಬಾರದು

ಪ್ರಶ್ನೆ: ಹಿತ್ತಲಲ್ಲಿ ಬಟ್ಟೆ ಒಗೆಯುವ ಕಲ್ಲಿನ ಪಕ್ಕ ಅರ್ಧ ಇಂಚಿನ ಜಿಐ ಪೈಪ್ ಇದೆ. ಸಿಮೆಂಟ್ ನೆಲದಿಂದ ಒಂದೂವರೆ ಅಡಿ ಮೇಲೆ ಬಂದು, ತುದಿಯಲ್ಲಿ ಎಲ್ಬೋ, ಅದಕ್ಕೆ ನಲ್ಲಿ. ಎಲ್ಬೋ ಪೂರಾ ತುಕ್ಕು ಹಿಡಿದು ಪೈಪ್ ಸೇರುವ ಕಡೆ ಹನಿಯುತ್ತಿದೆ. ಪೈಪ್ ರೆಂಚ್ ಹಾಕಿ ತಿರುಗಿಸಿದರೆ ಎಲ್ಬೋ ಬದಲು ಪೈಪೇ ಬುಡದಲ್ಲಿ ಸ್ವಲ್ಪ ತಿರುಗಿದ ಹಾಗಾಯಿತು. ಹೆದರಿ ಬಿಟ್ಟೆ. ನೆಲ ಒಡೆಯದೆ ಎಲ್ಬೋ ಮಾತ್ರ ಬಿಚ್ಚಬಹುದೇ?
— ಓದುಗರೊಬ್ಬರು, ದಾವಣಗೆರೆ

ಉತ್ತರ: ಅಲ್ಲಿಗೇ ಬಿಟ್ಟದ್ದು ಒಳ್ಳೆಯದಾಯಿತು. ಇನ್ನೊಂದು ಎಳೆತ ಎಳೆದಿದ್ದರೆ ನೆಲದ ಕೆಳಗಿನ ಜಾಯಿಂಟ್ ಮುರಿಯುವ ಸಾಧ್ಯತೆ ಜಾಸ್ತಿ ಇತ್ತು.

ಮೊದಲು ಕೆಳಗೆ ಏನಾದರೂ ಆಗಿದೆಯಾ ನೋಡಿಕೊಳ್ಳಿ. ರಾತ್ರಿ ಮಲಗುವ ಮುಂಚೆ ಆ ಎಲ್ಬೋ ಕೆಳಗೆ ಬಕೆಟ್ ಇಡಿ. ಮನೆಯ ನಲ್ಲಿಗಳನ್ನೆಲ್ಲ ಬಂದ್ ಮಾಡಿ, ಪಂಪ್ ಆಫ್ ಇಟ್ಟು, ಮೇಲಿನ ಟ್ಯಾಂಕಿನ ನೀರಿನ ಮಟ್ಟಕ್ಕೆ ಒಂದು ಗುರುತು ಹಾಕಿ. ಬೆಳಿಗ್ಗೆ ಬಕೆಟ್‌ಗೆ ಬಿದ್ದದ್ದಕ್ಕಿಂತ ತುಂಬಾ ಹೆಚ್ಚು ನೀರು ಟ್ಯಾಂಕಿನಲ್ಲಿ ಇಳಿದಿದ್ದರೆ, ಅಥವಾ ಪೈಪಿನ ಬುಡದ ಸಿಮೆಂಟ್ ಒದ್ದೆಯಾಗಿದ್ದರೆ, ನೆಲ ಒಡೆಯದೆ ದಾರಿಯಿಲ್ಲ. ಹಾಗಾಗಿಲ್ಲ ಅಂದುಕೊಂಡೇ ಮುಂದೆ ಹೇಳುತ್ತೇನೆ.

ಪೈಪ್ ಯಾಕೆ ಮುರಿಯುತ್ತದೆ ಅನ್ನೋದು ತಿಳಿದರೆ ಉಳಿದದ್ದು ಸುಲಭ. ಮೀಡಿಯಂ ದರ್ಜೆಯ ಅರ್ಧ ಇಂಚಿನ ಜಿಐ ಪೈಪಿನ ದಪ್ಪ 2.6 ಮಿಲಿಮೀಟರ್. ಥ್ರೆಡ್ ಕೊರೆದ ಜಾಗದಲ್ಲಿ ಹೊಸ ಪೈಪಿಗೂ ಉಳಿಯುವುದು ಒಂದೂಕಾಲು ಮಿಲಿಮೀಟರ್ ಆಸುಪಾಸು. ಅದರಲ್ಲೂ ತುಕ್ಕು ವರ್ಷಗಟ್ಟಲೆ ತಿಂದಿರುತ್ತದೆ. ಹೀಗಾಗಿ ತಿರುಚಿದಾಗ ಪೈಪ್ ನಡುವೆ ಮುರಿಯುವುದು ಕಡಿಮೆ, ಥ್ರೆಡ್ ಶುರುವಾಗುವ ಜಾಗದಲ್ಲೇ ಕಿತ್ತು ಬರುತ್ತದೆ. ನಿಮ್ಮ ಲೈನಿನಲ್ಲಿ ಅಂಥ ಜಾಗ ಎರಡು. ಒಂದು ಕಣ್ಣೆದುರಿನ ಎಲ್ಬೋ, ಇನ್ನೊಂದು ಮಣ್ಣಿನೊಳಗಿನದು. ಒಂದೇ ರೆಂಚ್ ಹಾಕಿದರೆ ನಿಮ್ಮ ಬಲವೆಲ್ಲ ಪೈಪಿನ ಉದ್ದಕ್ಕೂ ಇಳಿದು ಕೆಳಗಿನದಕ್ಕೂ ಬೀಳುತ್ತದೆ. ಎರಡರಲ್ಲಿ ಯಾವುದು ಬಡವೋ ಅದು ಸೋಲುತ್ತದೆ.

ಹಾಗಾಗಿ ಎರಡು ರೆಂಚ್ ಬೇಕು, ನಮ್ಮ ಕಡೆಯ ಮೇಸ್ತ್ರಿಗಳ ಮಾತಿನಲ್ಲಿ ಎರಡು ಪಾನಾ. ಹದಿನಾಲ್ಕು ಇಂಚಿನ ಜೋಡಿ ಸಾಕು. ಒಂದು ಎಲ್ಬೋಗೆ, ಇನ್ನೊಂದು ಅದರ ಕೆಳಗೆ ಒಂದು ಇಂಚು ಬಿಟ್ಟು ಪೈಪಿಗೆ. ಮೇಲಿನಿಂದ ನೋಡಿದಾಗ ಎಲ್ಬೋ ಎಡಕ್ಕೆ, ಅಂದರೆ ಗಡಿಯಾರದ ಮುಳ್ಳಿಗೆ ವಿರುದ್ಧವಾಗಿ ಬಿಚ್ಚುತ್ತದೆ. ಪೈಪಿನ ಪಾನಾ ಅದಕ್ಕೆ ಎದುರು ದಿಕ್ಕಿಗೆ ಹಿಡಿಯಬೇಕು, ಹಾಗಾಗಿ ಎರಡರ ಬಾಯಿಗಳೂ ಎದುರುಬದುರಾಗಿ ಇರಲಿ. ಹಿಡಿಗಳ ನಡುವೆ ಒಂದು ಗೇಣು ಅಂತರ ಬರುವ ಹಾಗೆ ಕೂರಿಸಿ, ಎರಡೂ ಕೈಯಿಂದ ಒಂದರ ಕಡೆಗೆ ಇನ್ನೊಂದನ್ನು ಅದುಮಿ. ಕತ್ತರಿ ಮುಚ್ಚಿದ ಹಾಗೆ. ಆಗ ತಿರುಚುವ ಬಲ ಎರಡು ಪಾನಾಗಳ ನಡುವಿನ ಒಂದು ಇಂಚಿನಲ್ಲೇ ಮುಗಿಯುತ್ತದೆ, ನೆಲಕ್ಕೆ ಇಳಿಯುವುದೇ ಇಲ್ಲ. ಹಿಡಿಗೆ ಉದ್ದದ ಪೈಪ್ ಸಿಕ್ಕಿಸಿ ಎಳೆಯುವ ಅಭ್ಯಾಸ ಕೆಲವರಿಗಿದೆ. ಇಲ್ಲಿ ಅದು ಬೇಡ. ಎಷ್ಟು ಬಲ ಹೋಗುತ್ತಿದೆ ಅಂತ ಕೈಗೆ ಗೊತ್ತಾಗುವುದಿಲ್ಲ.

ಶುರು ಮಾಡುವ ಮುಂಚೆ ಮಾರ್ಕರ್‌ನಿಂದ ಎರಡು ಗೆರೆ ಎಳೆಯಿರಿ. ಒಂದು ಎಲ್ಬೋ ಮತ್ತು ಪೈಪ್ ಎರಡಕ್ಕೂ ತಾಗುವಂತೆ, ಇನ್ನೊಂದು ಬುಡದಲ್ಲಿ ಪೈಪ್ ಮತ್ತು ಸಿಮೆಂಟಿಗೆ ತಾಗುವಂತೆ. ಮೇಲಿನ ಗೆರೆ ತುಂಡಾದರೆ ಎಲ್ಬೋ ಬಿಡುತ್ತಿದೆ ಎಂದರ್ಥ. ಕೆಳಗಿನ ಗೆರೆ ತುಂಡಾದರೆ ಕೈ ನಿಲ್ಲಿಸಿ. ಈ ಕೆಲಸದಲ್ಲಿ ಕಿವಿಯನ್ನು ನಂಬಬೇಡಿ. ತುಕ್ಕು ಬಿಟ್ಟಾಗಲೂ ಕಟ್ ಅನ್ನುತ್ತದೆ, ಪೈಪ್ ಬಿರಿದಾಗಲೂ ಕಟ್ ಅನ್ನುತ್ತದೆ.

ಇನ್ನು ಕೆಲಸಕ್ಕೆ. ಟ್ಯಾಂಕಿನ ವಾಲ್ವ್ ಬಂದ್ ಮಾಡಿ. ಎಲ್ಬೋವನ್ನು ಒಂದು ಪಾನಾದಿಂದ ಹಿಡಿದುಕೊಂಡು ಮೊದಲು ನಲ್ಲಿ ಬಿಚ್ಚಿ, ಇಲ್ಲದಿದ್ದರೆ ಎಲ್ಬೋ ತಿರುಗುವಾಗ ನಲ್ಲಿ ಗೋಡೆಗೋ ಕಲ್ಲಿಗೋ ತಾಗುತ್ತದೆ. ಜಾಯಿಂಟ್ ಒರೆಸಿ ಒಣಗಿಸಿ. ಸಂಜೆ ತುಕ್ಕು ಬಿಡಿಸುವ ಎಣ್ಣೆ ಹಾಕಿ, ಸಿಗದಿದ್ದರೆ ಡೀಸೆಲ್ ಆದೀತು. ಬೆಳಿಗ್ಗೆ ಮತ್ತೊಮ್ಮೆ ಹಾಕಿ. ಎಣ್ಣೆ ಒಳಗಿಳಿಯಲು ಹೊತ್ತು ಬೇಕು, ಹತ್ತು ನಿಮಿಷಕ್ಕೆ ಆಗುವ ಕೆಲಸ ಅಲ್ಲ. ಆಮೇಲೆ ಎಲ್ಬೋದ ಒಂದು ಬದಿಗೆ ಭಾರದ ಸುತ್ತಿಗೆಯನ್ನು ಆನಿಸಿ ಹಿಡಿದು, ಎದುರು ಬದಿಗೆ ಸಣ್ಣ ಸುತ್ತಿಗೆಯಿಂದ ಸುತ್ತಲೂ ಹಗುರಾಗಿ ತಟ್ಟಿ. ಆನಿಸದೆ ಹೊಡೆದರೆ ಏಟೆಲ್ಲ ಬುಡಕ್ಕೇ ಹೋಗುತ್ತದೆ.

ಮೊದಲು ಬಿಚ್ಚುವ ದಿಕ್ಕಿಗೆ ಹೋಗಬೇಡಿ. ಎರಡೂ ಪಾನಾಗಳನ್ನು ತಿರುಗಿಸಿ ಹಾಕಿ, ಬಿಗಿ ಮಾಡುವ ಕಡೆಗೆ ಕೂದಲೆಳೆಯಷ್ಟು ಅಲುಗಿಸಲು ನೋಡಿ. ತುಕ್ಕಿನ ಹಿಡಿತ ಹಲವು ಸಲ ಅಲ್ಲೇ ಬಿಡುತ್ತದೆ. ಆಮೇಲೆ ಬಿಚ್ಚುವ ಕಡೆಗೆ. ಒಂದು ಅಲುಗು ಬಂದರೆ ಹಿಂದೆ ಮುಂದೆ ಆಡಿಸುತ್ತಾ ಎಣ್ಣೆ ಹಾಕುತ್ತಾ ಬನ್ನಿ.

ಅಲುಗದಿದ್ದರೆ ಬಿಸಿ ಮಾಡಬೇಕು. ಹಳೆಯ ಜಾಯಿಂಟ್‌ಗೆ ಸಣಬು ಸುತ್ತಿ ಪೇಂಟ್ ಬಳಿದಿರುತ್ತಾರೆ, ಬಿಸಿಗೆ ಅದು ಕರಟಿ ಬಿಡುತ್ತದೆ. ಎಲ್ಬೋ ಕೂಡ ಪೈಪಿಗಿಂತ ಮೊದಲು ಹಿಗ್ಗುತ್ತದೆ. ಆದರೆ ಎಣ್ಣೆಯನ್ನು ಪೂರ್ತಿ ಒರೆಸಿದ ಮೇಲೆಯೇ ಬೆಂಕಿ. ಪೈಪಿನೊಳಗೆ ನಿಂತ ನೀರನ್ನು ಸಣ್ಣ ನಳಿಕೆಯಿಂದ ಸಾಧ್ಯವಾದಷ್ಟು ಎಳೆದು ತೆಗೆಯಿರಿ, ಇಲ್ಲದಿದ್ದರೆ ಬಿಸಿಯೆಲ್ಲ ನೀರಿಗೆ ಹೋಗುತ್ತದೆ, ಆವಿಯೂ ಮುಖಕ್ಕೆ ಹೊಡೆಯುತ್ತದೆ. ಎಲ್ಬೋ ಬಾಯಿ ನಿಮ್ಮ ಕಡೆ ಇರದಂತೆ ನಿಂತು, ಬ್ಲೋ ಟಾರ್ಚ್ ಜ್ವಾಲೆಯನ್ನು ಎಲ್ಬೋಗೆ ಮಾತ್ರ ಒಂದೆರಡು ನಿಮಿಷ ಆಡಿಸಿ. ಬಿಳಿ ಹೊಗೆ ಎದ್ದರೆ ಸಾಕು ಮಾಡಿ. ಅದು ಸತುವಿನ ಹೊಗೆ, ಕುಡಿದರೆ ರಾತ್ರಿ ಚಳಿಜ್ವರ ಬರುತ್ತದೆ.

ಇಷ್ಟಾದರೂ ಬರದಿದ್ದರೆ ಪಾನಾ ಕೆಳಗಿಟ್ಟು ಎಲ್ಬೋವನ್ನೇ ಬಲಿ ಕೊಡಿ. ಹೇಗೂ ಹೊಸದು ಹಾಕುತ್ತೀರಿ. ನಿಜ ಹೇಳಬೇಕೆಂದರೆ ಇಷ್ಟು ಹಳೆಯ ಪೈಪಿಗೆ ನಾನು ಬೇಗ ಇಲ್ಲಿಗೇ ಬರುತ್ತೇನೆ. ಪೈಪ್ ಕೂತಿರುವ ಎಲ್ಬೋದ ಕಾಲರಿನಲ್ಲಿ ಮೇಲಿಂದ ಕೆಳಗೆ, ಪೈಪಿನ ಉದ್ದಕ್ಕೆ ಆಕ್ಸಾ ಬ್ಲೇಡಿನಿಂದ ಒಂದು ಸೀಳು ಹಾಕಿ. ಕೊಯ್ದಲ್ಲಿ ಕಪ್ಪು ಸಣಬಿನ ಗೆರೆಗಳೋ ಪೈಪಿನ ಥ್ರೆಡ್ಡಿನ ತುದಿಗಳೋ ಕಂಡ ಕೂಡಲೇ ನಿಲ್ಲಿಸಿ. ತುದಿಗೆ ಸ್ವಲ್ಪ ಗೀರು ಬಿದ್ದರೆ ಚಿಂತೆಯಿಲ್ಲ, ಸಣಬು ತುಂಬಿಕೊಳ್ಳುತ್ತದೆ. ಥ್ರೆಡ್ಡಿನ ಬುಡದವರೆಗೆ ಕೊಯ್ದರೆ ಮಾತ್ರ ಪೈಪ್ ಕೆಟ್ಟಿತು. ಸೀಳಿಗೆ ಕಬ್ಬಿಣ ಕಡಿಯುವ ಉಳಿ ಇಟ್ಟು, ಎದುರು ಬದಿಗೆ ಭಾರದ ಸುತ್ತಿಗೆ ಆನಿಸಿ ಎರಡು ಏಟು ಹೊಡೆದರೆ ಕಾಲರ್ ಬಾಯಿ ಬಿಡುತ್ತದೆ. ಬಿಡದಿದ್ದರೆ ಎದುರು ಬದಿಯಲ್ಲೂ ಒಂದು ಸೀಳು. ಆಮೇಲೆ ಅದೇ ಎರಡು ಪಾನಾ, ಅದೇ ಗೆರೆಗಳು.

ಬಿಚ್ಚಿದ ಮೇಲೆ ಥ್ರೆಡ್ಡನ್ನು ತಂತಿ ಬ್ರಷ್‌ನಿಂದ ಉಜ್ಜಿ, ಸ್ಕ್ರೂಡ್ರೈವರ್ ತುದಿಯಿಂದ ಒತ್ತಿ ನೋಡಿ. ಕುಳಿ ಬಿದ್ದರೆ ಅಥವಾ ಪದರ ಎದ್ದು ಬಂದರೆ ಆ ಥ್ರೆಡ್ ಮುಗಿದ ಹಾಗೆ. ನಿಮ್ಮಲ್ಲಿ ಒಂದೂವರೆ ಅಡಿ ಪೈಪ್ ಇದೆ. ಕೆಟ್ಟ ಭಾಗ ಕತ್ತರಿಸಿ ಡೈಯಿಂದ ಹೊಸ ಥ್ರೆಡ್ ಹಾಕಿಸಬಹುದು, ಆಗಲೂ ಪೈಪನ್ನು ಕೆಳಗಿನಿಂದ ಪಾನಾದಲ್ಲಿ ಹಿಡಿಯಲೇಬೇಕು. ಹೊಸ ಎಲ್ಬೋ ಬಿಗಿಸುವಾಗಲೂ ಅಷ್ಟೇ. ನೀರು ಬಿಟ್ಟ ಮೇಲೆ ಟ್ಯಾಂಕಿನ ಗುರುತಿನ ಪರೀಕ್ಷೆಯನ್ನು ಇನ್ನೊಂದು ರಾತ್ರಿ ಮಾಡಿ. ಈಗ ಬಕೆಟ್ ಬೇಕಾಗಬಾರದು.