ಹೆಂಡತಿಯ ವರದಿ ಮಾತ್ರ ನೋಡಿ ತೀರ್ಮಾನಿಸಬೇಡಿ

ಪ್ರಶ್ನೆ: ಮದುವೆಯಾಗಿ ಒಂದು ವರ್ಷವಾಯಿತು, ಮಗುವಿನ ಯೋಚನೆಯಲ್ಲಿದ್ದೇವೆ. ಹೆಂಡತಿಗೆ ಬೀಟಾ ಥಲಸ್ಸೇಮಿಯಾ ವಾಹಕಿ ಎಂದು ವರದಿ ಬಂದಿದೆ. ಅವಳಿಗೆ ಯಾವ ಚಿಕಿತ್ಸೆ ಕೊಡಿಸಬೇಕು? ಮಕ್ಕಳೇ ಬೇಡ ಎನ್ನಬೇಕೇ?

ಚಿಕಿತ್ಸೆ ಯಾವುದಕ್ಕೆ? ಥಲಸ್ಸೇಮಿಯಾ ವಂಶದಿಂದ ಬರುವ ರಕ್ತದ ಕಾಯಿಲೆ. ನಿಮ್ಮ ಹೆಂಡತಿ ಅದರ ವಾಹಕಿ ಅಷ್ಟೇ, ಅವರಿಗೆ ಕಾಯಿಲೆಯೇ ಇಲ್ಲ. 2019ರಲ್ಲಿ ನನಗೆ ಇದೇ ವರದಿ ಬಂದಾಗ ಮನೆಯವರೆಲ್ಲ ನನ್ನ ಮುಖವನ್ನೇ ನೋಡಿದರು. ನನ್ನ ಗಂಡನ ಕಡೆ ಒಬ್ಬರೂ ನೋಡಲಿಲ್ಲ. ಏಳು ವಾರ ಕಳೆದುಕೊಂಡದ್ದು ಅದರಿಂದಲೇ.

ಆಗ ನಾನು ಬಸುರಿ, ಒಂಬತ್ತು ವಾರ ತುಂಬಿತ್ತು. ಹಿಮೋಗ್ಲೋಬಿನ್ನಿನ ಬೇರೆ ಬೇರೆ ವಿಧಗಳನ್ನು ಅಳೆಯುವ ಎಚ್‌ಪಿಎಲ್‌ಸಿ ಪರೀಕ್ಷೆಯಲ್ಲಿ ನನ್ನ ಹಿಮೋಗ್ಲೋಬಿನ್ ಎ2 ಶೇ 5.1 ಬಂತು. ಸಾಮಾನ್ಯವಾಗಿ ಅದು ಶೇ 3.5ರೊಳಗೆ ಇರುತ್ತದೆ. ‘ಯಜಮಾನರಿಗೂ ಇದೇ ಪರೀಕ್ಷೆ ಮಾಡಿಸಿ’ ಎಂದರು ವೈದ್ಯರು. ನನ್ನವರು ಕಚೇರಿಯ ವಾರ್ಷಿಕ ತಪಾಸಣೆಯ ಹಾಳೆಯನ್ನು ತೆಗೆದು ತೋರಿಸಿದರು: ಹಿಮೋಗ್ಲೋಬಿನ್ 13.1. ‘ನನ್ನದು ಸರಿಯಾಗಿಯೇ ಇದೆಯಲ್ಲ’ ಎಂದರು. ನನಗೂ ಹಾಗೆಯೇ ಅನಿಸಿತು. ಅಲ್ಲಿಗೆ ಆ ವಿಷಯ ಬಿಟ್ಟೆವು.

ಅದೇ ಹಾಳೆಯಲ್ಲಿ ಎರಡು ಸಾಲು ಕೆಳಗೆ ಉತ್ತರವಿತ್ತು. ಕೆಂಪು ರಕ್ತಕಣದ ಗಾತ್ರ ತಿಳಿಸುವ ಎಂಸಿವಿ 66. ಇರಬೇಕಾದದ್ದು 80ರಿಂದ 100. ಕಣಗಳ ಸಂಖ್ಯೆ 63 ಲಕ್ಷ, ಅಂದರೆ ಹೆಚ್ಚು. ಕಬ್ಬಿಣಾಂಶ ಕಡಿಮೆಯಾದರೂ ಕಣ ಚಿಕ್ಕದಾಗುತ್ತದೆ, ಆದರೆ ಆಗ ಸಂಖ್ಯೆಯೂ ಸಾಮಾನ್ಯವಾಗಿ ಇಳಿಯುತ್ತದೆ. ಕಣ ಚಿಕ್ಕದು, ಸಂಖ್ಯೆ ಜಾಸ್ತಿ, ಹಿಮೋಗ್ಲೋಬಿನ್ ಹೆಚ್ಚುಕಡಿಮೆ ಸರಿ: ವಾಹಕರ ರಕ್ತ ಹೀಗೆ ಕಾಣುತ್ತದೆ. ನಾವು ಮೇಲಿನ ಒಂದೇ ಸಾಲನ್ನು ಓದಿ ಹಾಳೆ ಮಡಚಿ ಇಟ್ಟಿದ್ದೆವು. ಹದಿನಾರನೆಯ ವಾರದಲ್ಲಿ, ತವರಿಗೆ ಹೋದಾಗ ತೋರಿಸಿದ ವೈದ್ಯೆ ಆ ಹಾಳೆಯ ಮೇಲೆ ಪೆನ್ನಿನಿಂದ ಎರಡು ಸುತ್ತು ಹಾಕಿದರು. ಮೂರು ದಿನದಲ್ಲಿ ನನ್ನವರ ಎ2 ವರದಿ ಬಂತು: ಶೇ 5.4.

ವಾಹಕ ಎಂದರೆ ಇಷ್ಟೇ. ಹಿಮೋಗ್ಲೋಬಿನ್ನಿನ ಬೀಟಾ ಸರಪಳಿಯನ್ನು ತಯಾರಿಸುವ ವಂಶವಾಹಿ ಪ್ರತಿಯೊಬ್ಬರಲ್ಲೂ ಎರಡು ಇರುತ್ತದೆ, ತಾಯಿಯಿಂದ ಒಂದು, ತಂದೆಯಿಂದ ಒಂದು. ನಿಮ್ಮ ಹೆಂಡತಿಯಲ್ಲಿ ಒಂದು ಕೆಟ್ಟಿದೆ, ಇನ್ನೊಂದು ಕೆಲಸ ನಡೆಸುತ್ತಿದೆ. ಇದು ಮುಂದೆ ಕಾಯಿಲೆಯಾಗಿ ಬೆಳೆಯುವುದಿಲ್ಲ. ಕಬ್ಬಿಣದ ಮಾತ್ರೆಯಿಂದ ಹೋಗುವುದೂ ಇಲ್ಲ. ದೇಹದಲ್ಲಿರುವ ಕಬ್ಬಿಣದ ಸಂಗ್ರಹ ತಿಳಿಸುವ ಫೆರಿಟಿನ್ ಪರೀಕ್ಷೆಯಲ್ಲಿ ಕೊರತೆ ಕಂಡರೆ ವೈದ್ಯರು ಹೇಳಿದಷ್ಟು ತೆಗೆದುಕೊಳ್ಳಲಿ.

ನಿಮ್ಮಲ್ಲಿರುವ ಎರಡೂ ವಂಶವಾಹಿಗಳು ಸರಿಯಾಗಿದ್ದರೆ ಮಗು ಹೆಚ್ಚೆಂದರೆ ವಾಹಕ. ನೀವೂ ವಾಹಕರಾಗಿದ್ದರೆ ಪ್ರತಿ ಬಸಿರಿನಲ್ಲೂ ನಾಲ್ಕರಲ್ಲಿ ಒಂದು ಪಾಲು ಮಗುವಿಗೆ ಥಲಸ್ಸೇಮಿಯಾ ಮೇಜರ್ ಬರುವ ಸಾಧ್ಯತೆ ಇದೆ. ಅಂಥ ಮಗುವಿಗೆ ಎರಡರಿಂದ ನಾಲ್ಕು ವಾರಕ್ಕೊಮ್ಮೆ ರಕ್ತ ಕೊಡಿಸುತ್ತಲೇ ಇರಬೇಕಾಗುತ್ತದೆ. ನಮ್ಮ ಅತ್ತೆ ಈ ‘ನಾಲ್ಕರಲ್ಲಿ ಒಂದು’ ಎಂಬುದನ್ನು ನಾಲ್ಕು ಮಕ್ಕಳಲ್ಲಿ ಒಬ್ಬರಿಗೆ ಎಂದು ತಿಳಿದು, ‘ಇಬ್ಬರು ಮಕ್ಕಳು ಸಾಕಲ್ಲ’ ಎಂದು ಧೈರ್ಯ ಹೇಳಿದ್ದರು. ಲೆಕ್ಕ ಹಾಗಲ್ಲ. ಮೊದಲ ಮಗು ಚೆನ್ನಾಗಿದೆ ಎಂದು ಎರಡನೆಯದರ ಅಪಾಯ ಹೆಚ್ಚುವುದೂ ಇಲ್ಲ, ಇಳಿಯುವುದೂ ಇಲ್ಲ.

ಆದ್ದರಿಂದ ‘ಮಕ್ಕಳು ಬೇಡವೇ’ ಎಂಬ ಪ್ರಶ್ನೆಗೆ ಈಗ ಜಾಗವೇ ಇಲ್ಲ. ಮೊದಲು ನಿಮ್ಮ ರಕ್ತ ಕೊಡಿ. ಪೂರ್ಣ ರಕ್ತಕಣ ಎಣಿಕೆ, ಎಚ್‌ಪಿಎಲ್‌ಸಿ, ಫೆರಿಟಿನ್ ಮೂರನ್ನೂ ಒಟ್ಟಿಗೆ ಮಾಡಿಸಿ, ಏಕೆಂದರೆ ಕಬ್ಬಿಣಾಂಶದ ಕೊರತೆ ಎ2 ಅಂಶವನ್ನು ಕೆಳಕ್ಕೆಳೆದು ವಾಹಕತನವನ್ನು ಮರೆಮಾಚಬಹುದು. ಎ2 ಗಡಿಯಲ್ಲಿದ್ದರೆ ಅಥವಾ ಎಂಸಿವಿ ಕಾರಣವಿಲ್ಲದೆ ಕಡಿಮೆ ಇದ್ದರೆ ಡಿಎನ್‌ಎ ಪರೀಕ್ಷೆ ಕೇಳಿ. ಎಚ್‌ಪಿಎಲ್‌ಸಿಯಲ್ಲಿ ಕುಡಗೋಲು ಕಣದ ಹಿಮೋಗ್ಲೋಬಿನ್ ಎಸ್ ಅಥವಾ ಹಿಮೋಗ್ಲೋಬಿನ್ ಇ ಕಂಡರೂ ‘ಥಲಸ್ಸೇಮಿಯಾ ಅಲ್ಲವಲ್ಲ’ ಎಂದು ಸುಮ್ಮನಾಗಬೇಡಿ. ಬೀಟಾ ಥಲಸ್ಸೇಮಿಯಾ ಜೊತೆ ಸೇರಿದರೆ ಅವೂ ಮಗುವಿಗೆ ಕಾಯಿಲೆ ತರುತ್ತವೆ.

ಇಬ್ಬರೂ ವಾಹಕರೆಂದು ಬಂದರೆ, ಬಸಿರಾಗುವ ಮೊದಲೇ ಇಬ್ಬರ ಡಿಎನ್‌ಎಯಲ್ಲಿ ದೋಷ ಎಲ್ಲಿದೆ ಎಂದು ಗುರುತು ಮಾಡಿಸಿಡಿ. ಅದು ಕೈಯಲ್ಲಿದ್ದರೆ ಹನ್ನೊಂದನೆಯ ವಾರದ ಹೊತ್ತಿಗೆ ಮಾಸಿನ ಚೂರು ತೆಗೆದು ಮಗುವಿನ ಸ್ಥಿತಿ ತಿಳಿಯಬಹುದು. ನಮ್ಮ ಕೈಯಲ್ಲಿ ಏನೂ ಇರಲಿಲ್ಲ. ಇಬ್ಬರ ಡಿಎನ್‌ಎ ಆಗುವವರೆಗೆ ಕಾದು, ಹದಿನೇಳನೆಯ ವಾರದಲ್ಲಿ ಹೊಟ್ಟೆಗೆ ಸೂಜಿ ಚುಚ್ಚಿ ಗರ್ಭಜಲ ತೆಗೆಸಿದೆವು. ಆಗ ಗರ್ಭಪಾತಕ್ಕೆ ಕಾನೂನಿನ ಮಿತಿ ಇಪ್ಪತ್ತು ವಾರ. 2021ರ ತಿದ್ದುಪಡಿಯಲ್ಲಿ ಅದು ಸಡಿಲವಾಯಿತು. ದಿನವೂ ಕ್ಯಾಲೆಂಡರಿನ ಚೌಕ ಎಣಿಸುತ್ತಿದ್ದೆ. ಹೊಟ್ಟೆಯಲ್ಲಿ ಮಗು ಮಿಸುಕುವುದು ಶುರುವಾಗಿತ್ತು, ಖುಷಿಪಡಲು ಹೆದರುತ್ತಿದ್ದೆ. ಹತ್ತೊಂಬತ್ತು ವಾರ ಐದು ದಿನಕ್ಕೆ ಫೋನ್ ಬಂತು: ಮಗುವೂ ನಮ್ಮಂತೆಯೇ ವಾಹಕ, ಕಾಯಿಲೆ ಇಲ್ಲ.

ನಿಮಗೆ ಆ ಎಣಿಕೆ ಇನ್ನೂ ಶುರುವಾಗಿಲ್ಲ. ನಾಳೆ ಬೆಳಿಗ್ಗೆಯೇ ಹೋಗಿ ರಕ್ತ ಕೊಟ್ಟು ಬನ್ನಿ. ಹೆಂಡತಿಯ ಅಣ್ಣತಮ್ಮ, ಅಕ್ಕತಂಗಿಯರಿಗೂ ಹೇಳಿ. ಅವರಲ್ಲಿ ಪ್ರತಿಯೊಬ್ಬರೂ ವಾಹಕರಾಗಿರುವ ಸಾಧ್ಯತೆ ಅರ್ಧಕ್ಕರ್ಧ.