ಬಾಕಿ ಕೇಳುವ ಧಾಟಿ: ಕಂಪನಿಯ ಅಕೌಂಟ್ಸ್‌ನವರ ಹತ್ತಿರ ಹೇಗೆ, ಬೀದಿ ಅಂಗಡಿಯವರ ಹತ್ತಿರ ಹೇಗೆ

ಪ್ರಶ್ನೆ: ನಾನು ಪ್ಯಾಕಿಂಗ್ ಡಬ್ಬ ಸಪ್ಲೈ ಮಾಡ್ತೀನಿ. ಒಂದು ದೊಡ್ಡ ಕಂಪನಿಯಿಂದಲೂ ಬಾಕಿ ಬರಬೇಕು, ಹತ್ತಿರದ ಒಂದು ಸಣ್ಣ ಅಂಗಡಿಯಿಂದಲೂ ಬರಬೇಕು. ಇಬ್ಬರಿಗೂ ಒಂದೇ ಥರ ರಿಮೈಂಡರ್ ಕಳಿಸ್ತೀನಿ. ಕಂಪನಿಯವರು ಉತ್ತರವೇ ಕೊಡಲ್ಲ, ಅಂಗಡಿಯವರು ಬೇಜಾರು ಮಾಡ್ಕೊಂಡಿದ್ದಾರೆ. ಯಾರ ಹತ್ತಿರ ಹೇಗೆ ಕೇಳಬೇಕು?

ನಾನು ಲೇಬಲ್, ಸ್ಟಿಕ್ಕರ್ ಪ್ರಿಂಟ್ ಮಾಡಿಕೊಡುವ ಕೆಲಸದಲ್ಲಿದ್ದೇನೆ. ನೀವು ಹೇಳಿದ ಎರಡೂ ನನಗೆ ಆಗಿದೆ. ಅದಕ್ಕೇ ಸ್ವಲ್ಪ ವಿವರವಾಗಿ ಬರೆಯುತ್ತೇನೆ.

ಮೊದಲು ನಿಮ್ಮ ಮೆಸೇಜ್ ಓದುವವರು ಯಾರು ಅಂತ ನೋಡಿ. ಅಂಗಡಿಯಲ್ಲಿ ಓದುವವರೇ ನಿಮಗೆ ದುಡ್ಡು ಕೊಡಬೇಕಾದವರು. ಕಂಪನಿಯ ಅಕೌಂಟ್ಸ್‌ನಲ್ಲಿ ಕೂತವರು ನಿಮಗೆ ಏನೂ ಕೊಡಬೇಕಾಗಿಲ್ಲ. ಅವರ ಮುಂದೆ ನೂರಾರು ಸಪ್ಲೈಯರ್‌ಗಳ ಬಿಲ್ ಇರುತ್ತದೆ. ನಿಮ್ಮ ಬಿಲ್ ಎಲ್ಲಿ ನಿಂತಿದೆ ಅಂತ ಹುಡುಕಿ ಹೇಳುವುದಷ್ಟೇ ಅವರ ಕೈಲಾಗುವುದು. ಹಾಗಾಗಿ ಅಲ್ಲಿ ಬೇಡಿಕೊಂಡರೂ ಕೆಲಸ ಆಗಲ್ಲ, ರೇಗಿದರೂ ಆಗಲ್ಲ. ಹುಡುಕುವುದಕ್ಕೆ ಬೇಕಾದ್ದನ್ನು ಕೈಗೆ ಕೊಟ್ಟರೆ ಆಗುತ್ತದೆ.

ಇದು ನನಗೆ ಗೊತ್ತಾಗಿದ್ದು ಒಂದು ಲೇಬಲ್ ಆರ್ಡರ್‌ನಲ್ಲಿ. ಕಂಪನಿ ಕೊಟ್ಟ ಪರ್ಚೇಸ್ ಆರ್ಡರ್ 2000 ಲೇಬಲ್‌ಗೆ. ಪ್ರಿಂಟಿಂಗ್‌ನಲ್ಲಿ ಹಾಳಾಗುತ್ತದೆ ಅಂತ ಸ್ವಲ್ಪ ಜಾಸ್ತಿ ಹೊಡೆಯುತ್ತೇವೆ. ಆ ಸಲ ಹೆಚ್ಚಿಗೆ ಹಾಳಾಗಲಿಲ್ಲ, 2100 ಆಯಿತು. 2100ನ್ನೂ ಕಳಿಸಿ ಅಷ್ಟಕ್ಕೂ ಬಿಲ್ ಹಾಕಿದೆ. ಮಾತಾಗಿದ್ದು 30 ದಿನಕ್ಕೆ. ದಿನ ಕಳೆಯಿತು, ದುಡ್ಡು ಬರಲಿಲ್ಲ. ‘ದಯವಿಟ್ಟು ಬೇಗ ಪಾವತಿ ಮಾಡಿ, ನಮಗೆ ತುಂಬಾ ಕಷ್ಟವಾಗಿದೆ’ ಅಂತ ಮೇಲ್ ಬರೆದೆ. ಒಂದಲ್ಲ, ನಾಲ್ಕು. ನಾಲ್ಕನೆಯದರಲ್ಲಿ ಸಿಟ್ಟೂ ಇತ್ತು. ಒಂದಕ್ಕೂ ಉತ್ತರ ಬರಲಿಲ್ಲ.

ಕೊನೆಗೆ ಫೋನ್ ಮಾಡಿ, ದುಡ್ಡಿನ ಮಾತೇ ಎತ್ತದೆ, ‘ಮೇಡಂ, ಈ ನಂಬರಿನ ಬಿಲ್ ನಿಮ್ಮ ಸಿಸ್ಟಮ್‌ನಲ್ಲಿ ಎಂಟ್ರಿ ಆಗಿದೆಯಾ?’ ಅಂತ ಕೇಳಿದೆ. ಅವರು ಒಂದು ನಿಮಿಷದಲ್ಲಿ ನೋಡಿ ಹೇಳಿದರು: ‘ಆಗಿದೆ ಸರ್, ಆದರೆ ಕ್ವಾಂಟಿಟಿ ತಾಳೆ ಆಗ್ತಿಲ್ಲ ಅಂತ ಬ್ಲಾಕ್‌ನಲ್ಲಿದೆ.’ ದೊಡ್ಡ ಕಂಪನಿಗಳಲ್ಲಿ ಸಾಮಾನ್ಯವಾಗಿ ಮೂರು ಕಾಗದ ತಾಳೆ ನೋಡುತ್ತಾರೆ: ಅವರ ಪರ್ಚೇಸ್ ಆರ್ಡರ್, ಸರಕು ಬಂದಿದೆ ಅನ್ನುವ ಗೋಡೌನ್ ಎಂಟ್ರಿ, ನಿಮ್ಮ ಬಿಲ್. ಮೂರರಲ್ಲಿ ಒಂದು ಸರಿಹೋಗದಿದ್ದರೂ ಬಿಲ್ ತಾನಾಗೇ ನಿಂತುಬಿಡುತ್ತದೆ. ಯಾರೂ ನಮಗೆ ಮೋಸ ಮಾಡಬೇಕು ಅಂತ ಇಟ್ಟುಕೊಂಡಿರಲಿಲ್ಲ. ಹೆಚ್ಚಾದ 100 ಲೇಬಲ್‌ನ ದುಡ್ಡು ಬಿಲ್‌ನಿಂದ ಕಳೆದಿದ್ದೇನೆ ಅನ್ನುವ ಕ್ರೆಡಿಟ್ ನೋಟ್ ಕಳಿಸಿದೆ. ಬ್ಲಾಕ್ ತೆಗೆದರು. ಅಷ್ಟರಲ್ಲಿ ಆ ವಾರದ ಪೇಮೆಂಟ್ ರನ್ ಮುಗಿದಿತ್ತು, ಮುಂದಿನದರಲ್ಲಿ ದುಡ್ಡು ಬಂತು.

ಈ ಪೇಮೆಂಟ್ ರನ್ ಅನ್ನುವುದು ತಿಳಿದಿರಲಿ. ಬಹಳಷ್ಟು ಕಂಪನಿಗಳು ದಿನಾ ದುಡ್ಡು ಹಾಕಲ್ಲ. ವಾರಕ್ಕೊಮ್ಮೆ ಅಥವಾ ತಿಂಗಳಿಗೆರಡು ಸಲ, ಅಷ್ಟರೊಳಗೆ ಪಾಸಾದ ಬಿಲ್‌ಗಳನ್ನೆಲ್ಲ ಒಟ್ಟಿಗೆ ಹಾಕುತ್ತಾರೆ. ‘ಇವತ್ತೇ ಹಾಕಿ’ ಅಂತ ನೀವು ಎಷ್ಟು ಜೋರು ಮಾಡಿದರೂ ಆ ಕುರ್ಚಿಯಲ್ಲಿರುವವರ ಕೈಯಲ್ಲಿ ಅದು ಇರಲ್ಲ. ‘ಮುಂದಿನ ರನ್ ಯಾವತ್ತು, ನನ್ನ ಬಿಲ್ ಅದರಲ್ಲಿ ಇದೆಯಾ?’ ಅಂತ ಕೇಳಿದರೆ ಅದಕ್ಕೆ ಅವರು ಉತ್ತರ ಕೊಡಬಲ್ಲರು.

ಈಗ ನಾನು ಕಂಪನಿಗೆ ಬರೆಯುವ ಮೇಲ್ ಹೀಗಿರುತ್ತದೆ. ಸಬ್ಜೆಕ್ಟ್‌ನಲ್ಲೇ ಬಿಲ್ ನಂಬರ್, ಪರ್ಚೇಸ್ ಆರ್ಡರ್ ನಂಬರ್ ಎರಡೂ ಇರುತ್ತವೆ.

‘ನಮಸ್ಕಾರ. ಬಿಲ್ ನಂಬರ್ 118, ಪರ್ಚೇಸ್ ಆರ್ಡರ್ ನಂಬರ್ 4507. ಸರಕು ತಲುಪಿದ್ದು 3ನೇ ತಾರೀಖು, ಸಹಿ ಆದ ಡೆಲಿವರಿ ಚಲನ್ ಲಗತ್ತಿಸಿದ್ದೇನೆ. 30 ದಿನದ ಗಡುವು ಕಳೆದ ಸೋಮವಾರಕ್ಕೆ ಮುಗಿದಿದೆ. ಎರಡು ವಿಷಯ ತಿಳಿಸಿ: ಬಿಲ್ ಪಾಸಾಗಿದೆಯೇ? ಆಗಿದ್ದರೆ ಯಾವ ತಾರೀಖಿನ ಪೇಮೆಂಟ್‌ನಲ್ಲಿದೆ? ಆಗಿಲ್ಲದಿದ್ದರೆ ಯಾವ ಕಾರಣಕ್ಕೆ ನಿಂತಿದೆ, ಯಾರ ಹತ್ತಿರ ಕೇಳಬೇಕು?’

ಇಷ್ಟೇ. ನಮ್ಮ ಕಷ್ಟ ಸುಖ ಇಲ್ಲ, ಬೆದರಿಕೆಯೂ ಇಲ್ಲ. ಓದಲು ಒಣಗಿದ ಹಾಗೆ ಕಾಣುತ್ತದೆ, ಆದರೆ ಓದುವವರಿಗೆ ಇದೇ ಉಪಕಾರ. ನಂಬರ್ ಟೈಪ್ ಮಾಡಿ ನೋಡಿ ಎರಡು ಸಾಲಿನ ಉತ್ತರ ಕಳಿಸಬಹುದು. ಉತ್ತರ ಬರದಿದ್ದರೆ ನಾಲ್ಕೈದು ಕೆಲಸದ ದಿನ ಬಿಟ್ಟು ಅದೇ ಮೇಲ್‌ಗೆ ರಿಪ್ಲೈ ಮಾಡಿ. ಹೊಸದಾಗಿ ಬರೆಯಬೇಡಿ. ಹಳೆಯದೆಲ್ಲ ಒಂದೇ ಕಡೆ ಇದ್ದರೆ ನಾಳೆ ಅವರ ಮೇಲಿನವರಿಗೆ ಕಳಿಸುವಾಗ ಕಥೆ ಹೇಳುವ ಅಗತ್ಯ ಬೀಳಲ್ಲ.

ಅವರು ‘ಸರಕು ಬಂದ ಎಂಟ್ರಿ ಆಗಿಲ್ಲ’ ಅಂದರೆ ಅಕೌಂಟ್ಸ್‌ನವರನ್ನು ಬಿಟ್ಟುಬಿಡಿ. ಅದನ್ನು ಮಾಡಿಸಬೇಕಾದವರು ನಿಮಗೆ ಆರ್ಡರ್ ಕೊಟ್ಟವರು. ಅವರು ನಿಮಗೆ ಪರಿಚಯದವರು, ಹಾಗಾಗಿ ಅಲ್ಲಿ ಮಾತು ಸ್ವಲ್ಪ ಬೆಚ್ಚಗಿರಬಹುದು: ‘ಸರ್, ಡಬ್ಬ ನಿಮಗೆ ಸರಿಯಾಗಿ ಬಂತಲ್ವಾ? ಸಿಸ್ಟಮ್‌ನಲ್ಲಿ ಎಂಟ್ರಿ ಒಂದು ಬಾಕಿ ಇದೆಯಂತೆ, ಅದನ್ನು ಮಾಡಿಸಿಕೊಡಿ.’ ಇನ್ನೊಂದು ಎಚ್ಚರ. ಬಾಕಿ ಕೇಳುವ ಮೇಲ್‌ನಲ್ಲೇ ‘ನಮ್ಮ ಬ್ಯಾಂಕ್ ಖಾತೆ ಬದಲಾಗಿದೆ’ ಅಂತ ಸೇರಿಸಬೇಡಿ. ಮೋಸಗಾರರು ಮಾಡುವುದೇ ಹಾಗೆ. ಒಳ್ಳೆಯ ಅಕೌಂಟ್ಸ್‌ನವರು ಆ ಕ್ಷಣವೇ ಪೇಮೆಂಟ್ ನಿಲ್ಲಿಸಿ ವಿಚಾರಣೆಗೆ ಹಾಕುತ್ತಾರೆ.

ಈಗ ಅಂಗಡಿ. ನಾನು ಮಾಡಿದ ತಪ್ಪು ಏನೆಂದರೆ, ಕಂಪನಿಗೆ ಬರೆದ ಇಂಥದ್ದೇ ಮೇಲನ್ನು ಮೊಬೈಲ್‌ನಲ್ಲಿ ಅಂಗಡಿಯವರಿಗೂ ಕಳಿಸಿದೆ. ‘ನಿಮ್ಮ ಮೂರು ಬಿಲ್‌ಗಳ ಗಡುವು ಮೀರಿದೆ’ ಅಂತ. ಅದು ಕಂಪನಿಯಲ್ಲಿ ಬರೀ ಮಾಹಿತಿ. ಅಂಗಡಿಯವರಿಗೆ ಅದು ನೋಟಿಸ್ ಕೊಟ್ಟ ಹಾಗೆ. ಅವರು ಫೋನ್ ಎತ್ತುವುದನ್ನೇ ಬಿಟ್ಟರು. ಎಷ್ಟೋ ವರ್ಷದಿಂದ ಕೊಡು-ಕೊಳ್ಳುವುದು ಇದ್ದವರು.

ಮಧ್ಯಾಹ್ನ ಗಿರಾಕಿ ಕಡಿಮೆ ಇರುವ ಹೊತ್ತು ನೋಡಿ ನಾನೇ ಹೋದೆ. ಒಬ್ಬ ಗಿರಾಕಿ ಇದ್ದರು, ಅವರು ಹೋಗುವವರೆಗೂ ಹೊರಗೆ ನಿಂತಿದ್ದೆ. ಒಳಗೆ ಹೋದ ಕೂಡಲೇ ಅವರೇ ಕೇಳಿದರು: ‘ಏನಪ್ಪಾ, ನಾನೇನು ಊರು ಬಿಟ್ಟು ಓಡಿ ಹೋಗ್ತೀನಾ?’ ನಾನು, ‘ಅಣ್ಣಾ, ಹಾಗೆ ಬರೆದದ್ದು ನನ್ನ ತಪ್ಪು. ಲೆಕ್ಕ ಒಂದು ಸಲ ಕೂತು ನೋಡೋಣ ಅಂತ ಬಂದೆ’ ಅಂದೆ. ಪುಸ್ತಕ ಬಿಚ್ಚಿದೆ. ಒಂದೊಂದೇ ಬಿಲ್ ಓದಿ, ‘ಇದು ಸರಿ ಇದೆಯಾ?’ ಅಂತ ಕೇಳುತ್ತಾ ಹೋದೆ. ಎರಡನೆಯದರಲ್ಲಿ ಅವರು ಸುಮ್ಮನಾದರು. ಆಮೇಲೆ ಕೌಂಟರ್ ಕೆಳಗಿಂದ ಎರಡು ಕಟ್ಟು ಸ್ಟಿಕ್ಕರ್ ತೆಗೆದರು. ಅಂಗಡಿಯ ಫೋನ್ ನಂಬರಿನಲ್ಲಿ ಒಂದು ಅಂಕಿ ತಪ್ಪು ಬಿದ್ದಿತ್ತು. ‘ಹೇಳೋಕೆ ಸಂಕೋಚ ಆಯ್ತು, ನೀವೇ ಕೇಳಲಿ ಅಂತಿದ್ದೆ’ ಅಂದರು.

ಕಂಪನಿಯಲ್ಲಿ ಬಿಲ್ ಬ್ಲಾಕ್ ಆದರೆ ಸಿಸ್ಟಮ್ ಕಾರಣ ತೋರಿಸುತ್ತದೆ. ಅಂಗಡಿಯಲ್ಲಿ ಆ ಕಾರಣ ಮನಸ್ಸಿನಲ್ಲಿರುತ್ತದೆ, ಕೂತು ಮಾತಾಡದೆ ಹೊರಗೆ ಬರಲ್ಲ. ಹಾಗಾಗಿ ನಾನು ಈಗ ಮೊದಲು ಕೇಳುವುದೇ ‘ಮಾಲು ಹೇಗಿತ್ತು?’ ಅಂತ. ಆ ಎರಡು ಕಟ್ಟಿನ ದುಡ್ಡು ಬಿಟ್ಟೆ. ಉಳಿದದ್ದಕ್ಕೆ, ‘ಅಣ್ಣಾ, ಹಳೆಯ ಬಿಲ್ ಒಂದನ್ನು ಯಾವತ್ತು ಮುಗಿಸೋಣ?’ ಅಂದೆ. ಅವರು ಅಲ್ಲೇ ಮೊದಲ ಬಿಲ್ ಚುಕ್ತಾ ಮಾಡಿದರು. ಮಿಕ್ಕಿದ್ದಕ್ಕೆ ಶನಿವಾರ ಒಂದು, ಅದರ ಮುಂದಿನ ಶನಿವಾರ ಇನ್ನೊಂದು ಅಂತ ತಾವೇ ಹೇಳಿದರು.

ಇಲ್ಲಿ ಒಂದು ಮಾತು ಗಟ್ಟಿಯಾಗಿ ಹೇಳಬೇಕು. ಪರಿಚಯದವರು ಅಂತ ‘ಪರವಾಗಿಲ್ಲ, ಇದ್ದಾಗ ಕೊಡಿ’ ಅನ್ನಬೇಡಿ. ನಾನು ಬಹಳ ಸಲ ಅಂದಿದ್ದೇನೆ. ಅಂಗಡಿಯವರ ಗಲ್ಲಾದಲ್ಲಿ ಸಂಜೆಗೆ ಇಷ್ಟೇ ಅಂತ ಇರುತ್ತದೆ. ಯಾರು ತಾರೀಖು ಹೇಳಿಸಿಕೊಂಡಿದ್ದಾರೋ ಅವರಿಗೆ ಅದರಿಂದ ಮೊದಲು ಹೋಗುತ್ತದೆ. ನೀವು ತಾರೀಖು ಕೇಳಿಲ್ಲದಿದ್ದರೆ ನಿಮ್ಮ ಸರದಿ ಯಾವಾಗಲೂ ನಾಳೆಗೇ. ಮಾತು ಮೆತ್ತಗಿರಲಿ, ತಾರೀಖು ಮತ್ತು ಮೊತ್ತ ಮಾತ್ರ ಖಚಿತವಾಗಿರಲಿ. ಮನೆಗೆ ಬಂದ ಮೇಲೆ ನಾನು ಒಂದು ಮೆಸೇಜ್ ಹಾಕಿದೆ: ‘ಅಣ್ಣಾ, ಇವತ್ತು ಮೊದಲ ಬಿಲ್‌ಗೆ ಕೊಟ್ಟಿದ್ದು ಪುಸ್ತಕದಲ್ಲಿ ಜಮಾ ಮಾಡಿದ್ದೇನೆ. ಎರಡು ಕಟ್ಟಿನದು ಕಳೆದಿದ್ದೇನೆ. ನೀವು ಹೇಳಿದ ಹಾಗೆ ಶನಿವಾರ ಒಂದು ಬಿಲ್‌ಗೆ, ಅದರ ಮುಂದಿನ ಶನಿವಾರ ಇನ್ನೊಂದಕ್ಕೆ ಬರುತ್ತೇನೆ.’ ಅದರಲ್ಲಿ ಬಾಕಿ, ಗಡುವು ಅನ್ನುವ ಪದ ಇಲ್ಲ, ಆದರೆ ಲೆಕ್ಕ ಪೂರ್ತಿ ಇದೆ. ನಾಳೆ ಮಾತು ಬದಲಾದರೂ ಬರಹ ಉಳಿಯುತ್ತದೆ.

ಅವರ ಮಗನ ಹತ್ತಿರ, ಕೆಲಸದ ಹುಡುಗನ ಹತ್ತಿರ, ಪಕ್ಕದ ಅಂಗಡಿಯವರ ಹತ್ತಿರ ‘ಸ್ವಲ್ಪ ಹೇಳಿ’ ಅಂತ ಹೇಳಿಕಳಿಸಬೇಡಿ. ಕಂಪನಿಯಲ್ಲಿ ಮೇಲಿನವರನ್ನು ಸಿಸಿಯಲ್ಲಿ ಹಾಕುವುದು ಮಾಮೂಲಿ. ಅಂಗಡಿಯ ವಿಷಯದಲ್ಲಿ ಅದೇ ಕೆಲಸ ಮಾಡಿದರೆ ನಾಲ್ಕು ಜನರ ಮುಂದೆ ಮರ್ಯಾದೆ ಕಳೆದ ಹಾಗೆ.

ಎರಡು ಸಲ ತಾರೀಖು ತಪ್ಪಿದರೆ ನಾನು ಧಾಟಿ ಬದಲಿಸಲ್ಲ, ವ್ಯವಹಾರ ಬದಲಿಸುತ್ತೇನೆ. ಅದೇ ದನಿಯಲ್ಲೇ ಹೇಳುತ್ತೇನೆ: ‘ಅಣ್ಣಾ, ಹೊಸ ಮಾಲು ಬೇಕಾದರೆ ಕೊಡ್ತೀನಿ, ಕೈಯಲ್ಲಿ ದುಡ್ಡು ಕೊಟ್ಟು ತಗೊಳ್ಳಿ. ಹಳೆಯದನ್ನು ಪ್ರತಿ ಸಲ ಸ್ವಲ್ಪ ಸ್ವಲ್ಪ ಸೇರಿಸಿ ಕೊಡಿ.’ ಕಂಪನಿಗಾದರೆ ಇದನ್ನು ಬಾಯಲ್ಲಿ ಹೇಳಿ ಉಪಯೋಗವಿಲ್ಲ. ಎರಡು ಸಲ ಬರೆದರೂ ಉತ್ತರ ಬರದಿದ್ದರೆ, ‘ಈ ಬಿಲ್ ಚುಕ್ತಾ ಆಗುವವರೆಗೆ ಮುಂದಿನ ಆರ್ಡರ್ ಕಳಿಸುವುದನ್ನು ತಡೆಹಿಡಿದಿದ್ದೇನೆ’ ಅಂತ ಆರ್ಡರ್ ಕೊಟ್ಟವರಿಗೆ ಬರೆದು, ಅಕೌಂಟ್ಸ್‌ನವರನ್ನು ಸಿಸಿಯಲ್ಲಿ ಹಾಕಿ. ಡಬ್ಬ ಇಲ್ಲದೆ ತೊಂದರೆ ಆಗುವುದು ಆರ್ಡರ್ ಕೊಟ್ಟವರಿಗೆ, ಹಾಗಾಗಿ ಒಳಗಿನಿಂದ ಅವರೇ ಕೇಳುತ್ತಾರೆ.

ನಿಮ್ಮ ಅಂಗಡಿಯವರು ಈಗಾಗಲೇ ಬೇಜಾರಾಗಿದ್ದಾರೆ ಅಂದಿರಿ. ಇನ್ನೊಂದು ಮೆಸೇಜ್ ಬೇಡ. ಲೆಕ್ಕದ ಪುಸ್ತಕ ತಗೊಂಡು ಗಿರಾಕಿ ಇಲ್ಲದ ಹೊತ್ತಿಗೆ ಹೋಗಿ, ಡಬ್ಬ ಹೇಗಿದ್ದವು ಅಂತ ಮೊದಲು ಕೇಳಿ. ಕಂಪನಿಗೆ ಹೋಗಿರುವ ಬಿಲ್‌ನಲ್ಲಿ ಪರ್ಚೇಸ್ ಆರ್ಡರ್ ನಂಬರ್ ಇದೆಯಾ, ಅದರಲ್ಲಿದ್ದಷ್ಟೇ ಡಬ್ಬಕ್ಕೆ ಬಿಲ್ ಹಾಕಿದ್ದೀರಾ ಅಂತ ಇವತ್ತೇ ನೋಡಿ. ಆಮೇಲೆ ಬೇಕಾದರೆ ಇಲ್ಲೇ ಬರೆಯಿರಿ, ಮೇಲ್‌ನ ಸಾಲುಗಳನ್ನು ಒಟ್ಟಿಗೆ ಕೂತು ಸರಿ ಮಾಡೋಣ.